ಸೈಬರ್‌ನಲ್ಲಿ ಉಳಿದುಹೋದ ಒಂದು ಟಿಕ್: ಹೊರಗಿನಿಂದ ಮನೆಯ ಕಂಪ್ಯೂಟರ್ ತೆರೆದವರ ಪ್ರಕರಣ

ಇದು ಒಬ್ಬ ತೆರಿಗೆ ಸಲಹೆಗಾರರ ಪ್ರಕರಣ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ಸಂಬಂಧ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಏನು ಯಾವಾಗ ನಡೆಯಿತು ಎಂಬುದನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ಅವರನ್ನು ಇಲ್ಲಿ ರಾಯರು ಎಂದು ಕರೆಯೋಣ. ನಾನು ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವನು. ರಾಯರ ಮನೆಯ ಕಂಪ್ಯೂಟರ್ ಕೆಟ್ಟರೂ ಕರೆ ಬರುವುದು ನನಗೇ.

## ಹಿನ್ನೆಲೆ

ರಾಯರಿಗೆ ಬೇರೆ ಆಫೀಸು ಅಂತ ಇಲ್ಲ. ಮನೆಯ ಮುಂದಿನ ಕೋಣೆಯೇ ಆಫೀಸು. ಅಲ್ಲೊಂದು ಡೆಸ್ಕ್‌ಟಾಪ್, ಅದರಲ್ಲಿ ಟ್ಯಾಲಿ, ನಲವತ್ತಕ್ಕೂ ಹೆಚ್ಚು ಅಂಗಡಿಯವರ ಲೆಕ್ಕ. ಎಲ್ಲರ ಜಿಎಸ್‌ಟಿ ಪೋರ್ಟಲ್ ಪಾಸ್‌ವರ್ಡ್‌ಗಳೂ ಒಂದೇ ಎಕ್ಸೆಲ್ ಫೈಲಿನಲ್ಲಿ. ಈ ವೃತ್ತಿಯಲ್ಲಿರುವ ಬಹಳಷ್ಟು ಜನ ಹೀಗೇ ಇಟ್ಟುಕೊಂಡಿರುತ್ತಾರೆ. ಅದಕ್ಕಾಗಿ ಅವರನ್ನು ಬೈದು ಪ್ರಯೋಜನವಿಲ್ಲ.

ತಿಂಗಳ 20ನೇ ತಾರೀಖು ಇಂಥವರಿಗೆ ತಲೆನೋವಿನ ದಿನ. ತಿಂಗಳು ತಿಂಗಳು ರಿಟರ್ನ್ ಹಾಕುವವರ ಜಿಎಸ್‌ಟಿಆರ್-3ಬಿ ಅವತ್ತಿನೊಳಗೆ ಹೋಗಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ಕಟ್ಟಬೇಕಾದ ತೆರಿಗೆಯ ಮೇಲೆ ವರ್ಷಕ್ಕೆ ಶೇಕಡಾ 18ರ ಲೆಕ್ಕದಲ್ಲಿ ಬಡ್ಡಿ. ಸರಿಯಾಗಿ ಆ ವಾರವೇ ಮಲೆನಾಡಿನ ಹಳ್ಳಿಯಲ್ಲಿದ್ದ ಅವರ ತಾಯಿ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ರಾಯರು ರಾತ್ರೋರಾತ್ರಿ ಬಸ್ ಹತ್ತಿದರು. ಅವರ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಹಳ್ಳಿಯಲ್ಲಿ ಸಿಗ್ನಲ್ ಇಲ್ಲ. ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸೈಬರ್ ಇತ್ತು. ಜೆರಾಕ್ಸ್, ಲ್ಯಾಮಿನೇಷನ್, ಸ್ಕಾಲರ್‌ಶಿಪ್ ಅರ್ಜಿ, ಪಹಣಿ ಎಲ್ಲ ಅಲ್ಲೇ.

ರಾಯರ ಮನೆಯ ಕಂಪ್ಯೂಟರ್‌ನಲ್ಲಿ ಎನಿಡೆಸ್ಕ್ ಮೊದಲೇ ಇತ್ತು. ದೂರದ ಇನ್ನೊಂದು ಕಂಪ್ಯೂಟರ್‌ನಲ್ಲಿ ಕೂತು ಈ ಕಂಪ್ಯೂಟರ್‌ನ ಪರದೆ ನೋಡಿ ಓಡಿಸಲು ಬಿಡುವ ತಂತ್ರಾಂಶ ಅದು. ಈ ಹೆಸರು ಕೇಳಿದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಬ್ಯಾಂಕಿನ ಹೆಸರಲ್ಲಿ ಬರುವ ಮೋಸದ ಕರೆ. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಕೂಡ ಈ ಆ್ಯಪ್ ಬಳಸಿ ನಡೆಯುವ ವಂಚನೆಯ ಬಗ್ಗೆ ಎಚ್ಚರಿಸಿತ್ತು. ಆದರೆ ತೆರಿಗೆ ಕೆಲಸದವರು ಇದನ್ನು ಇಟ್ಟುಕೊಳ್ಳುವುದಕ್ಕೆ ಒಂದು ನಿಜವಾದ ಕಾರಣ ಇದೆ. ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಬಳಸಿದರೆ, ಮನೆಯ ಕಂಪ್ಯೂಟರ್‌ಗೆ ಚುಚ್ಚಿರುವ ಡಿಜಿಟಲ್ ಸಹಿಯ ಯುಎಸ್‌ಬಿ ಡಾಂಗಲ್ ಸಾಮಾನ್ಯವಾಗಿ ಕಾಣುವುದೇ ಇಲ್ಲ. ನೀವು ಕೂತಿರುವ ಕಡೆಯ ಯಂತ್ರದಲ್ಲಿ ಡಾಂಗಲ್ ಇದೆಯೇ ಎಂದು ಅದು ಹುಡುಕುತ್ತದೆ. ಎನಿಡೆಸ್ಕ್‌ನಂಥವು ಮನೆಯ ಪರದೆಯನ್ನೇ ತೋರಿಸುವುದರಿಂದ ಸಹಿ ಹಾಕಬಹುದು. ಈ ಅನುಕೂಲವೇ ಅಪಾಯವೂ ಹೌದು. ಪರದೆ ಸಿಕ್ಕಿದವರಿಗೆ ಡಾಂಗಲ್ಲೂ ಸಿಕ್ಕಂತೆ.

## ಸೈಬರ್‌ನಲ್ಲಿ ನಡೆದದ್ದು

ಗುರುವಾರ ರಾಯರು ಸೈಬರ್‌ಗೆ ಹೋದರು. ಅಲ್ಲಿಯ ಕಂಪ್ಯೂಟರ್‌ನಲ್ಲೂ ಎನಿಡೆಸ್ಕ್ ಇತ್ತು. ಪ್ರಿಂಟರ್ ಕೈಕೊಟ್ಟಾಗ ಸರಿಮಾಡಿಸಿಕೊಳ್ಳಲು ಸೈಬರ್‌ನವರೇ ಹಾಕಿಸಿಕೊಂಡಿದ್ದು. ರಾಯರು ಮನೆಗೆ ಫೋನ್ ಮಾಡಿದರು. ಅವರ ಮನೆಯವರು ಕಂಪ್ಯೂಟರ್ ಆನ್ ಮಾಡಿ, ವಿಂಡೋಸ್ ಪಿನ್ ಹಾಕಿಟ್ಟರು. ಇತ್ತ ರಾಯರು ಮನೆಯ ಕಂಪ್ಯೂಟರ್‌ನ ಎನಿಡೆಸ್ಕ್ ಐಡಿ ಹಾಕಿ, ಎನಿಡೆಸ್ಕ್ ಪಾಸ್‌ವರ್ಡ್ ಒತ್ತಿದರು. ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯ ಕೆಳಗೆ ಒಂದು ಟಿಕ್ ಬಾಕ್ಸ್ ಇರುತ್ತದೆ. ಇನ್ನು ಮುಂದೆ ತಾನಾಗೇ ಲಾಗಿನ್ ಆಗಲಿ ಎಂಬ ಅರ್ಥದ್ದು. ಅವರು ಅದನ್ನೂ ಒತ್ತಿದರು. ನಾಳೆಯೂ ಬರಬೇಕಲ್ಲ, ಉದ್ದದ ಪಾಸ್‌ವರ್ಡ್ ಮತ್ತೆ ಹೊಡೆಯುವುದು ತಪ್ಪುತ್ತದೆ ಎಂಬುದು ಅವರ ಲೆಕ್ಕ. ಇನ್ನೊಂದು ವಿಚಾರವೂ ಅವರ ತಲೆಯಲ್ಲಿತ್ತು. ಸೈಬರ್ ಕೀಬೋರ್ಡಿನಲ್ಲಿ ಪಾಸ್‌ವರ್ಡ್ ಪದೇಪದೇ ಹೊಡೆಯದಿದ್ದರೆ ಒಳ್ಳೆಯದು ಎಂದು ಎಲ್ಲೋ ಕೇಳಿದ್ದರು. ಮಾತು ಸರಿ. ಆದರೆ ಈ ಟಿಕ್ ಮಾಡುವುದು ಅದಕ್ಕಿಂತ ಕೆಟ್ಟ ಕೆಲಸ.

ಟಿಕ್ ಹಾಕಿದಾಗ ಪಾಸ್‌ವರ್ಡ್ ಬದಲಿಗೆ ಒಂದು ಟೋಕನ್ ಸೈಬರ್ ಕಂಪ್ಯೂಟರ್‌ನಲ್ಲಿ ಉಳಿಯುತ್ತದೆ. ಆಮೇಲೆ ಆ ಕಂಪ್ಯೂಟರ್‌ನಿಂದ ಯಾರು ಕೇಳಿದರೂ ಮನೆಯ ಕಂಪ್ಯೂಟರ್ ಪಾಸ್‌ವರ್ಡ್ ಕೇಳದೆ ಬಿಡುತ್ತದೆ. ತಂತ್ರಾಂಶದ ತಪ್ಪು ಇದರಲ್ಲಿ ಏನೂ ಇಲ್ಲ, ಹೇಳಿದ್ದನ್ನು ಮಾಡಿದೆ ಅಷ್ಟೇ. ಜೊತೆಗೆ ಎನಿಡೆಸ್ಕ್ ತೆರೆದ ಕೂಡಲೇ ಇತ್ತೀಚೆಗೆ ಸಂಪರ್ಕಿಸಿದ ಕಂಪ್ಯೂಟರ್‌ಗಳು ಚಿಕ್ಕ ಚಿತ್ರಗಳ ಸಮೇತ ಸಾಲಾಗಿ ಕಾಣುತ್ತವೆ. ರಾಯರ ಮನೆಯ ಪರದೆಯ ಚಿತ್ರವೂ ಅಲ್ಲಿ ಸೇರಿತು.

ಶುಕ್ರವಾರ ಮತ್ತೆ ಹೋಗಿ ಉಳಿದ ರಿಟರ್ನ್‌ಗಳನ್ನು ಮುಗಿಸಿದರು. ಓಟಿಪಿಗಳನ್ನು ಅಂಗಡಿಯವರು ಫೋನಿನಲ್ಲಿ ಹೇಳಿದರು. ಕೆಲಸ ಆದಮೇಲೆ ಕಿಟಕಿಯ ಮೂಲೆಯ ಕ್ರಾಸ್ ಒತ್ತಿ, ದುಡ್ಡು ಕೊಟ್ಟು ಹೊರಟರು. ಮನೆಗೆ ಫೋನ್ ಮಾಡಿ, "ಕಂಪ್ಯೂಟರ್ ಆಫ್ ಮಾಡ್ಬೇಡ, ಮತ್ತೆ ಬೇಕಾಗ್ಬಹುದು" ಎಂದರು.

ಇಲ್ಲಿ ಎರಡು ಬಾಗಿಲಿನ ವಿಷಯ ಅರ್ಥಮಾಡಿಕೊಳ್ಳಬೇಕು. ಎನಿಡೆಸ್ಕ್ ಪಾಸ್‌ವರ್ಡ್ ಗೇಟಿನ ಬೀಗ. ವಿಂಡೋಸ್ ಪಿನ್ ಮನೆಯ ಬೀಗ. ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಬರುವುದಕ್ಕೇ ವಿಂಡೋಸ್ ಖಾತೆಯ ಪಾಸ್‌ವರ್ಡ್ ಬೇಕು, ಮುಗಿಸಿದಾಗ ಮನೆಯ ಪರದೆ ಲಾಕ್ ಆಗಿಯೇ ಇರುತ್ತದೆ. ಎನಿಡೆಸ್ಕ್ ಹಾಗಲ್ಲ. ನೀವೇ ಹೇಳದಿದ್ದರೆ, ಕ್ರಾಸ್ ಒತ್ತಿದಾಗ ಸಂಪರ್ಕ ಮಾತ್ರ ಕಡಿಯುತ್ತದೆ. ಮನೆಯ ಕಂಪ್ಯೂಟರ್ ತೆರೆದಂತೆಯೇ ಇರುತ್ತದೆ. ಮೇಲ್, ಬ್ರೌಸರ್, ಎಕ್ಸೆಲ್ ಎಲ್ಲ ಬಿಟ್ಟಲ್ಲೇ. ರಾಯರು ಸಂಪರ್ಕ ಕಡಿದುಹೋಗಬಾರದೆಂದು ಸ್ಲೀಪ್ ಆಗುವುದನ್ನೂ ನಿಲ್ಲಿಸಿದ್ದರು. ಹಾಗಾಗಿ ಗೇಟಿನ ಬೀಗದ ಕೈ ಸೈಬರ್‌ನಲ್ಲಿ ಉಳಿಯಿತು, ಮನೆಯ ಬಾಗಿಲಿಗೆ ಬೀಗವೇ ಬೀಳಲಿಲ್ಲ. ಎರಡರಲ್ಲಿ ಒಂದು ಸರಿ ಇದ್ದಿದ್ದರೂ ಈ ಕಥೆ ಇರುತ್ತಿರಲಿಲ್ಲ.

## ಸೋಮವಾರ ರಾತ್ರಿ

ರಾಯರ ಮನೆಯವರು ಊಟದ ತಯಾರಿಯಲ್ಲಿದ್ದರು. ಮುಂದಿನ ಕೋಣೆಗೆ ಏನೋ ತರಲು ಹೋದಾಗ ಪರದೆಯಲ್ಲಿ ಮೌಸ್ ಓಡಾಡುತ್ತಿತ್ತು. ಮೇಲ್ ತೆರೆಯಿತು, ಮುಚ್ಚಿತು. ಇನ್ನೇನೋ ತೆರೆಯಿತು. ಅವರಿಗೆ ಅನುಮಾನ ಬಂದು ಫೋನ್ ಮಾಡಿದರು.

"ರೀ, ಕಂಪ್ಯೂಟರ್ ಓಡಿಸ್ತಾ ಇರೋದು ನೀವೇನಾ?"

ಪುಣ್ಯಕ್ಕೆ ರಾಯರು ಆಗ ತಾಯಿಗೆ ಔಷಧಿ ತರಲು ಪೇಟೆಗೆ ಬಂದಿದ್ದರು, ಕರೆ ತಲುಪಿತು. ಅವರು ಅಲ್ಲ ಎಂದ ತಕ್ಷಣ ಆಕೆ ರೂಟರ್‌ನ ಪ್ಲಗ್ ಕಿತ್ತರು. ಆಮೇಲೆ ನನಗೆ ಫೋನ್ ಬಂತು.

ಆಕೆ ಮಾಡಿದ್ದು ಅತ್ಯಂತ ಸರಿಯಾದ ಕೆಲಸ. ಎನಿಡೆಸ್ಕ್ ಕಿಟಕಿ ಹುಡುಕಿ ಮುಚ್ಚಲು ಹೋಗಿದ್ದರೆ, ಆ ಕಡೆಯವನು ಮತ್ತೆ ಸಂಪರ್ಕಿಸಬಹುದಿತ್ತು. ಕಂಪ್ಯೂಟರ್‌ನ ಸ್ವಿಚ್ಚನ್ನೇ ಆರಿಸಿದ್ದರೆ ಪರದೆಯ ಮೇಲೆ ಏನೇನು ತೆರೆದಿತ್ತು ಎಂದು ನಮಗೆ ಗೊತ್ತಾಗುತ್ತಿರಲಿಲ್ಲ. ಇಂಟರ್‌ನೆಟ್ ಕಡಿದರೆ ಎರಡೂ ತೊಂದರೆ ಇಲ್ಲ. ನಾನು ಹೋಗಿ ನೋಡುವಾಗ ಪರದೆಯ ಮೇಲೆ ಇದ್ದದ್ದು ಆ ಎಕ್ಸೆಲ್ ಫೈಲು.

## ಯಾರು, ಎಲ್ಲಿಂದ

ರಾಯರಿಗೆ ಮೊದಲು ಬಂದ ಯೋಚನೆ ಯಾರೋ ದೊಡ್ಡ ಹ್ಯಾಕರ್ ಎಂದು. ನನಗೆ ಹಾಗನ್ನಿಸಲಿಲ್ಲ. ಎನಿಡೆಸ್ಕ್ ತನಗೆ ಬಂದ ಪ್ರತಿ ಸಂಪರ್ಕವನ್ನೂ ಒಂದು ಸಾಮಾನ್ಯ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುತ್ತದೆ. ಇನ್‌ಸ್ಟಾಲ್ ಮಾಡಿದ ಎನಿಡೆಸ್ಕ್ ಆದರೆ ಆ ಫೈಲು ಇಲ್ಲಿರುತ್ತದೆ:

```
%ProgramData%\AnyDesk\connection_trace.txt
```

ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಕು. ರಾಯರ ಫೈಲಿನ ಕೊನೆಯ ಸಾಲುಗಳು ಹೀಗಿದ್ದವು. ತಾರೀಖು, ಐಡಿ ಇದ್ದ ಜಾಗದಲ್ಲಿ ನಾನು ಬೇರೆ ಪದ ಹಾಕಿದ್ದೇನೆ:

```
Incoming   <ಗುರುವಾರ>    Passwd   <ಸೈಬರ್ ಐಡಿ>
Incoming   <ಶುಕ್ರವಾರ>   Token    <ಸೈಬರ್ ಐಡಿ>
Incoming   <ಸೋಮವಾರ>   Token    <ಸೈಬರ್ ಐಡಿ>
```

ಮೂರನೆಯ ಕಾಲಂ ನೋಡಿ. ಪಾಸ್‌ವರ್ಡ್ ಹೊಡೆದು ಬಂದರೆ `Passwd`, ಉಳಿಸಿಟ್ಟ ಟೋಕನ್ ಮೂಲಕ ಬಂದರೆ `Token`, ಮನೆಯಲ್ಲಿ ಯಾರಾದರೂ ಒಪ್ಪಿಗೆ ಒತ್ತಿ ಬಿಟ್ಟುಕೊಂಡರೆ `User`. ಗುರುವಾರ ರಾಯರು ಪಾಸ್‌ವರ್ಡ್ ಹೊಡೆದಿದ್ದಾರೆ. ಶುಕ್ರವಾರ ಟೋಕನ್‌ನಿಂದ ಬಂದಿದ್ದಾರೆ. ಸೋಮವಾರ ಅದೇ ಕಂಪ್ಯೂಟರ್‌ನಿಂದ ಅದೇ ಟೋಕನ್‌ನಿಂದ ಬೇರೆ ಯಾರೋ ಬಂದಿದ್ದಾರೆ. ಪಾಸ್‌ವರ್ಡ್ ಯಾರೂ ಕದ್ದಿಲ್ಲ. ಕದಿಯುವ ಅಗತ್ಯವೇ ಇರಲಿಲ್ಲ.

ಐಡಿ ಸೈಬರ್‌ನದೇ ಎಂದು ಖಚಿತ ಮಾಡಿಕೊಳ್ಳುವುದು ಸುಲಭ. ಎನಿಡೆಸ್ಕ್ ತೆರೆದರೆ ಆ ಕಂಪ್ಯೂಟರ್‌ನ ಐಡಿ ಎದುರಿಗೇ ಕಾಣುತ್ತದೆ. ಮರುದಿನ ರಾಯರು ಸೈಬರ್‌ಗೆ ಹೋಗಿ ಹೋಲಿಸಿದರು. ಹೊಂದಿತು. 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಬಂದವರ ಗುರುತಿನ ಚೀಟಿ ನೋಡಿ, ರಿಜಿಸ್ಟರ್‌ನಲ್ಲಿ ಬರೆದು, ಅದನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು. ಬಹಳ ಕಡೆ ಇದು ಹೆಸರಿಗೆ ಮಾತ್ರ ಇರುತ್ತದೆ. ಇಲ್ಲಿಯ ಸೈಬರ್‌ನವರು ಮಾತ್ರ ನಿಜವಾಗಿ ಬರೆದಿಟ್ಟಿದ್ದರು. ಸೋಮವಾರ ರಾತ್ರಿ ಆ ಸೀಟಿನಲ್ಲಿದ್ದವನು ಸ್ಕಾಲರ್‌ಶಿಪ್ ಅರ್ಜಿ ಹಾಕಲು ಬಂದ ಒಬ್ಬ ಕಾಲೇಜು ಹುಡುಗ. ಸರ್ವರ್ ನಿಧಾನ ಇತ್ತಂತೆ. ಕಾಯುತ್ತಾ ಕೂತವನು ಎನಿಡೆಸ್ಕ್ ತೆರೆದ, ಯಾವುದೋ ಪರದೆಯ ಚಿತ್ರ ಕಂಡಿತು, ಡಬಲ್ ಕ್ಲಿಕ್ ಮಾಡಿದ. ಸುಮ್ನೆ ನೋಡಿದೆ ಎಂದ.

ನಾನು ಅವನ ಮಾತನ್ನು ನಂಬುತ್ತೇನೆ. ಆದರೆ ನಂಬಿಕೆಯ ಮೇಲೆ ನಲವತ್ತು ಜನರ ಪಾಸ್‌ವರ್ಡ್ ಬಿಡಲು ಆಗುವುದಿಲ್ಲ ಅಲ್ವಾ. ಅದೇ ಟೋಕನ್ ಸಿಕ್ಕಿದ ಇನ್ನೊಬ್ಬ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ.

## ಎಷ್ಟು ಹೋಗಿದೆ ಎಂದು ಅಳೆಯುವುದು

ಇಡೀ ಪ್ರಕರಣದಲ್ಲಿ ನಮ್ಮನ್ನು ಹೆಚ್ಚು ಹೊತ್ತು ಕೂರಿಸಿದ್ದು ಈ ಪ್ರಶ್ನೆ.

ರಾಯರು ಮೊದಲು ಫೋನಿನಲ್ಲಿ ಗೂಗಲ್ ಖಾತೆಯ ಸಾಧನಗಳ ಪಟ್ಟಿ ನೋಡಿದರು. ಹೊಸ ಸಾಧನ ಯಾವುದೂ ಇಲ್ಲ. ಹಾಗಾದರೆ ಮೇಲ್ ಸುರಕ್ಷಿತ ಎಂದುಕೊಂಡರು. ಇದು ಸುಲಭವಾಗಿ ಆಗುವ ತಪ್ಪು ತಿಳಿವಳಿಕೆ. ಹುಡುಗ ಮೇಲ್ ನೋಡಿದ್ದು ಸೈಬರ್ ಕಂಪ್ಯೂಟರ್‌ನ ಬ್ರೌಸರ್‌ನಿಂದ ಅಲ್ಲ, ರಾಯರ ಮನೆಯ ಬ್ರೌಸರ್‌ನಿಂದ. ಗೂಗಲ್ ಕಣ್ಣಿಗೆ ಅದು ಮನೆಯ ಕಂಪ್ಯೂಟರ್, ಮನೆಯ ಇಂಟರ್‌ನೆಟ್, ಎಂದಿನ ಬ್ರೌಸರ್. ಎರಡು ಹಂತದ ಪರಿಶೀಲನೆ ಇತ್ತು ನಿಜ, ಆದರೆ ಅದು ಕೇಳುವುದು ಲಾಗಿನ್ ಆಗುವಾಗ. ಅಲ್ಲಿ ಮೊದಲೇ ಲಾಗಿನ್ ಆಗಿತ್ತು. ಮನೆಯ ಕಂಪ್ಯೂಟರ್ ಮೂಲಕ ಬಂದವನನ್ನು ಹಿಡಿಯಲು ಆ ಪಟ್ಟಿ ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಮನೆಯ ಕಂಪ್ಯೂಟರ್‌ನಲ್ಲೇ ಕುರುಹು ಹುಡುಕಿದೆವು. ವಿಂಡೋಸ್ ಕೀ ಜೊತೆ R ಒತ್ತಿ `shell:recent` ಎಂದು ಹೊಡೆದರೆ ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ ಬರುತ್ತದೆ. ಎಕ್ಸೆಲ್ ಫೈಲಿನ ಎದುರು ಸೋಮವಾರ ರಾತ್ರಿಯ ಸಮಯ ಇತ್ತು. ಬ್ರೌಸರ್ ಹಿಸ್ಟರಿಯಲ್ಲಿ ಮೇಲ್ ಬಿಟ್ಟರೆ ಬೇರೆ ಇರಲಿಲ್ಲ. ಮೇಲ್‌ನಲ್ಲಿ ಕಳಿಸಿದ ಪತ್ರಗಳು, ಫಾರ್ವರ್ಡಿಂಗ್, ಫಿಲ್ಟರ್ ಮೂರನ್ನೂ ನೋಡಿದೆವು. ಯಾರಾದರೂ ಒಂದು ಫಾರ್ವರ್ಡಿಂಗ್ ನಿಯಮ ಹಾಕಿಬಿಟ್ಟರೆ, ನೀವು ಪಾಸ್‌ವರ್ಡ್ ಬದಲಿಸಿದ ಮೇಲೂ ಪತ್ರಗಳ ಪ್ರತಿ ಹೋಗುತ್ತಲೇ ಇರುತ್ತದೆ. ಅಂಥದ್ದೇನೂ ಇರಲಿಲ್ಲ. ಆದರೆ ಎಕ್ಸೆಲ್ ತೆರೆದವನು ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದಿದ್ದರೆ ಯಾವ ಕಂಪ್ಯೂಟರ್‌ನಲ್ಲೂ ಕುರುಹು ಉಳಿಯುವುದಿಲ್ಲ. ಆದ್ದರಿಂದ ಆ ಫೈಲಿನಲ್ಲಿದ್ದದ್ದೆಲ್ಲ ಹೋಗಿದೆ ಎಂದೇ ಇಟ್ಟುಕೊಳ್ಳೋಣ ಎಂದೆ. ರಾಯರು ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು. ನಲವತ್ತು ಪಾಸ್‌ವರ್ಡ್ ಬದಲಿಸುವುದು ಎಂದರೆ ನಲವತ್ತು ಜನರಿಗೆ ಫೋನ್ ಮಾಡಿ ಓಟಿಪಿ ಕೇಳುವುದು, ಯಾಕೆ ಎಂದು ಹೇಳುವುದು.

ಅವರನ್ನು ಒಪ್ಪಿಸಿದ್ದು ಇನ್ನೊಂದು ಸಂಗತಿ. ಗುರುವಾರ, ಶುಕ್ರವಾರ ಅವರು ಪೋರ್ಟಲ್ ಪಾಸ್‌ವರ್ಡ್‌ಗಳನ್ನು ಸೈಬರ್ ಕೀಬೋರ್ಡಿನಲ್ಲಿ ಹೊಡೆದಿರಲಿಲ್ಲ. ಮನೆಯ ಎಕ್ಸೆಲ್‌ನಿಂದ ಕಾಪಿ ಮಾಡಿ, ಮನೆಯ ಬ್ರೌಸರ್‌ನಲ್ಲಿ ಪೇಸ್ಟ್ ಮಾಡಿದ್ದರು. ಎಲ್ಲವೂ ಮನೆಯೊಳಗೇ ನಡೆದಿದೆ ಎಂದು ಅವರಿಗೆ ಧೈರ್ಯ. ಆದರೆ ರಿಮೋಟ್ ಸೆಷನ್‌ನಲ್ಲಿ ಎರಡೂ ಕಡೆಯ ಕ್ಲಿಪ್‌ಬೋರ್ಡ್ ಜೋಡಿಯಾಗಿರುತ್ತದೆ. ಮನೆಯಲ್ಲಿ ಕಾಪಿ ಆದದ್ದು ಸೈಬರ್ ಕಂಪ್ಯೂಟರ್‌ಗೂ ಬರುತ್ತದೆ. ಅಲ್ಲಿ ವಿಂಡೋಸ್‌ನ ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಆಗಿದ್ದರೆ ವಿಂಡೋಸ್ ಕೀ ಜೊತೆ V ಒತ್ತಿದವರಿಗೆ ಕೊನೆಯ 25ರವರೆಗಿನ ಕಾಪಿಗಳು ಸಾಲಾಗಿ ಕಾಣುತ್ತವೆ. ರಾಯರು ಸೈಬರ್‌ಗೆ ಹೋದಾಗ ಒತ್ತಿ ನೋಡಿ ಎಂದಿದ್ದೆ. ಅಲ್ಲಿ ಹಿಸ್ಟರಿ ಆನ್ ಇತ್ತು. ನಡುವೆ ಕಂಪ್ಯೂಟರ್ ಆಫ್ ಆಗಿ ಆನ್ ಆಗಿದ್ದರಿಂದ ಹಳೆಯದು ಅಳಿಸಿಹೋಗಿತ್ತು. ಆದರೆ ಶುಕ್ರವಾರ ಅವರು ಎದ್ದುಹೋದ ಮೇಲೆ ರಾತ್ರಿ ಅಂಗಡಿ ಮುಚ್ಚುವ ತನಕ ಅಲ್ಲಿ ಕೂತವರಿಗೆಲ್ಲ ಅದು ಲಭ್ಯವಿತ್ತು.

ಅದನ್ನು ಕೇಳಿದ ಮೇಲೆ ರಾಯರು ಮರುಮಾತಾಡಲಿಲ್ಲ. ಬದಲಿಸೋಣ ಎಂದರು.

## ಸರಿಪಡಿಸಿದ ಕ್ರಮ

ಇಲ್ಲಿ ಯಾವುದನ್ನು ಮೊದಲು ಮಾಡುತ್ತೇವೆ ಎಂಬುದು ಮುಖ್ಯ. ರಾಯರು ಸೈಬರ್‌ನಲ್ಲೇ ಕೂತು ಮೇಲ್ ಪಾಸ್‌ವರ್ಡ್ ಬದಲಿಸಲು ಹೊರಟಿದ್ದರು. ಬೇಡ ಎಂದೆ. ಯಾವ ಯಂತ್ರದ ಮೇಲೆ ಅನುಮಾನವೋ ಅದರಲ್ಲೇ ಹೊಸ ಪಾಸ್‌ವರ್ಡ್ ಹೊಡೆದರೆ ಏನು ಉಪಯೋಗ? ಪೇಟೆಯಲ್ಲೇ ನಿಂತು ತಮ್ಮ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ಮೇಲ್ ಪಾಸ್‌ವರ್ಡ್ ಬದಲಿಸಿ, ಉಳಿದ ಸಾಧನಗಳಿಂದ ಸೈನ್ ಔಟ್ ಮಾಡಿದರು. ಮೇಲ್ ಮೊದಲು ಯಾಕೆಂದರೆ ಬೇರೆ ಎಲ್ಲ ಪಾಸ್‌ವರ್ಡ್ ಮರೆತಾಗ ಕೊಂಡಿ ಬರುವುದು ಅಲ್ಲಿಗೇ.

ಮನೆಯ ಕಂಪ್ಯೂಟರ್‌ನಲ್ಲಿ ನಾನು, ಇಂಟರ್‌ನೆಟ್ ಇಲ್ಲದೆಯೇ, ಎನಿಡೆಸ್ಕ್ ಸೆಟ್ಟಿಂಗ್‌ನ ಸೆಕ್ಯುರಿಟಿ ಭಾಗಕ್ಕೆ ಹೋದೆ. ಪಾಸ್‌ವರ್ಡ್ ಬದಲಿಸಿದೆ. ಅಷ್ಟಕ್ಕೇ ನಿಲ್ಲಿಸದೆ, ಹೊರಗೆ ಉಳಿದಿರುವ ಟೋಕನ್‌ಗಳನ್ನು ರದ್ದು ಮಾಡುವ ಬಟನ್ ಅಲ್ಲೇ ಇದೆ, ಅದನ್ನೂ ಒತ್ತಿದೆ. ಬೇರೆಯವರು ಲಾಗಿನ್ ವಿವರ ಉಳಿಸಿಕೊಳ್ಳಬಹುದು ಎಂಬ ಅನುಮತಿಯನ್ನೂ ತೆಗೆದೆ. ಇದು ಮನೆಯ ಕಡೆಯಿಂದಲೇ ಹಾಕುವ ತಡೆ. ಆಮೇಲೆ ಸೈಬರ್‌ನಲ್ಲಿ ಯಾರು ಆ ಟಿಕ್ ಒತ್ತಿದರೂ ನಡೆಯುವುದಿಲ್ಲ. ಇವೆಲ್ಲ ಆದಮೇಲೆ ರೂಟರ್ ಹಾಕಿದೆವು. ಡಾಂಗಲ್ ಕಿತ್ತು ಬೀರುವಿನಲ್ಲಿಟ್ಟೆವು.

ದೂರು ಕೊಡುವ ವಿಷಯದಲ್ಲಿ ನಮ್ಮಿಬ್ಬರಿಗೆ ಒಮ್ಮತ ಬರಲಿಲ್ಲ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್ ತೆರೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಕೆಳಗೆ ಬರುತ್ತದೆ, ಮೋಸದ ಉದ್ದೇಶ ಇದ್ದರೆ 66ನೇ ಸೆಕ್ಷನ್ ಕೆಳಗೂ ಬರುತ್ತದೆ. `cybercrime.gov.in`ನಲ್ಲಿ ದಾಖಲಿಸಬಹುದು, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಕಕ್ಷಿದಾರರ ಮಾಹಿತಿ ಇರುವುದರಿಂದ ಒಂದು ದಾಖಲೆ ಇರಲಿ ಎಂಬುದು ನನ್ನ ವಾದ. ಸಣ್ಣ ಊರು, ಓದುವ ಹುಡುಗ, ಅವನ ತಂದೆ ಪರಿಚಯದವರು ಎಂಬುದು ರಾಯರ ವಾದ. ಅವರು ದೂರು ಕೊಡಲಿಲ್ಲ. ಆದರೆ ಕಕ್ಷಿದಾರರಿಗೆಲ್ಲ ತಾವೇ ಫೋನ್ ಮಾಡಿ ನಡೆದದ್ದನ್ನು ಹೇಳಿದರು. ಇಬ್ಬರು ಸಿಟ್ಟಾದರು, ಒಬ್ಬರು ಬೇರೆಯವರ ಹತ್ತಿರ ಹೋದರು. ಉಳಿದವರು ಓಟಿಪಿ ಹೇಳಿದರು.

## ಹೊಸ ಏರ್ಪಾಡು

ತಾಯಿಯ ಕಾಲು ಕೂಡಿಬರಲು ತಿಂಗಳುಗಳು ಬೇಕಿತ್ತು. ರಾಯರು ಮತ್ತೆ ಮತ್ತೆ ಹಳ್ಳಿಗೆ ಹೋಗುವವರೇ. ಹಾಗಾಗಿ ಹೊರಗಿನಿಂದ ಕಂಪ್ಯೂಟರ್ ಮುಟ್ಟಲೇಬೇಡಿ ಎನ್ನುವುದು ಉತ್ತರವಾಗುತ್ತಿರಲಿಲ್ಲ.

ನಾನು ಮೊದಲು ಸೂಚಿಸಿದ್ದು ಎರಡು ಹಂತದ ಪರಿಶೀಲನೆ. ಎನಿಡೆಸ್ಕ್‌ನಲ್ಲೇ ಅದಿದೆ. ಪಾಸ್‌ವರ್ಡ್ ಆದಮೇಲೆ ಫೋನಿನ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಬರುವ ಆರು ಅಂಕಿ ಹಾಕಬೇಕು. ಅದು 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಸೈಬರ್ ಯಂತ್ರದಲ್ಲಿ ಒತ್ತಿದ ಕೀಗಳನ್ನೆಲ್ಲ ಕದ್ದು ಬರೆದಿಡುವ ಕೀಲಾಗರ್ ಇದ್ದರೂ ಅದಕ್ಕೆ ಸಿಗುವುದು ಹಳಸಿದ ಅಂಕಿ. ಮನೆಯಲ್ಲಿ ಒಬ್ಬರೇ ಇರುವವರಿಗೆ ನಾನು ಈಗಲೂ ಇದನ್ನೇ ಹೇಳುತ್ತೇನೆ. ಆದರೆ ರಾಯರ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಕಾವಲು ಇತ್ತು. ರೂಟರ್ ಕಿತ್ತ ಅವರ ಮನೆಯವರು.

ಆದ್ದರಿಂದ ಪಾಸ್‌ವರ್ಡ್ ಹಾಕಿ ತಾನಾಗೇ ಒಳಬರುವ ಸೌಲಭ್ಯವನ್ನೇ ತೆಗೆದುಬಿಟ್ಟೆವು. ಈಗ ರಾಯರು ಮೊದಲು ಫೋನ್ ಮಾಡುತ್ತಾರೆ. ಆಕೆ ಕಂಪ್ಯೂಟರ್ ಆನ್ ಮಾಡುತ್ತಾರೆ. ಪರದೆಯಲ್ಲಿ ಇಂಥ ಐಡಿಯಿಂದ ಬರುತ್ತಿದ್ದಾರೆ ಎಂದು ಬಂದಾಗ ಆಕೆ ಆ ಐಡಿಯ ಕೊನೆಯ ಮೂರು ಅಂಕಿ ಓದುತ್ತಾರೆ. ರಾಯರು ಸೈಬರ್ ಪರದೆ ನೋಡಿ ಹೌದು ಎಂದರೆ ಮಾತ್ರ ಒಪ್ಪಿಗೆ ಒತ್ತುತ್ತಾರೆ. ಒಪ್ಪಿಗೆ ಕೊಡುವ ಕಿಟಕಿಯಲ್ಲೇ ಕ್ಲಿಪ್‌ಬೋರ್ಡ್, ಫೈಲ್ ವರ್ಗಾವಣೆಯ ಅನುಮತಿಗಳಿರುತ್ತವೆ. ಅವೆರಡೂ ಆಫ್. ಕೆಲಸ ಮುಗಿದ ಮೇಲೆ ಆಕೆ ಕಂಪ್ಯೂಟರ್ ಆರಿಸುತ್ತಾರೆ. ಆಫ್ ಆದ ಕಂಪ್ಯೂಟರ್‌ಗೆ ಯಾವ ಟೋಕನ್ನೂ ನಡೆಯುವುದಿಲ್ಲ.

ಎರಡನೆಯದು ಬೇರೆ ವಿಂಡೋಸ್ ಖಾತೆ. ಅಡ್ಮಿನ್ ಅಲ್ಲದ ಒಂದು ಹೊಸ ಬಳಕೆದಾರ ಖಾತೆ ಮಾಡಿದೆವು. ಅದರ ಬ್ರೌಸರ್‌ನಲ್ಲಿ ಮೇಲ್ ಇಲ್ಲ, ಉಳಿಸಿದ ಪಾಸ್‌ವರ್ಡ್ ಇಲ್ಲ, ರಾಯರ ಫೋಲ್ಡರ್‌ಗಳೂ ಅದಕ್ಕೆ ತೆರೆಯುವುದಿಲ್ಲ. ಟ್ಯಾಲಿಯ ಡೇಟಾ ಫೋಲ್ಡರ್‌ಗೆ ಮಾತ್ರ ಅನುಮತಿ ಕೊಟ್ಟೆವು. ಊರಿಗೆ ಹೋದಾಗ ಆಕೆ ತೆರೆಯುವುದು ಈ ಖಾತೆ. ಯಾರಾದರೂ ನುಗ್ಗಿದರೂ ಸಿಗುವುದು ಟ್ಯಾಲಿ ಅಷ್ಟೇ. ಅದೇನು ಕಡಿಮೆ ಅಲ್ಲ, ಆದರೆ ಮೇಲ್ ಮತ್ತು ಪಾಸ್‌ವರ್ಡ್ ಫೈಲಿನ ಮುಂದೆ ಚಿಕ್ಕದು.

ಆದರೆ ಆ ಫೈಲೇ ಇಲ್ಲದಿದ್ದರೆ ಪೋರ್ಟಲ್ ಪಾಸ್‌ವರ್ಡ್ ಹಾಕುವುದು ಹೇಗೆ? ಇದಕ್ಕೆ ದಾರಿ ತೋರಿಸಿದ್ದು ನಾನಲ್ಲ, ರಾಯರ ಮನೆಯವರು. "ನಾನೇ ಹೊಡೀತೀನಿ ಬಿಡಿ, ನೀವು ನೋಡ್ತಾ ಇರಿ" ಎಂದರು. ಪಾಸ್‌ವರ್ಡ್‌ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದಾರೆ. ರಾಯರು ಪೋರ್ಟಲ್ ತೆರೆದು ಕಾಯುತ್ತಾರೆ. ಆಕೆ ಮನೆಯ ಕೀಬೋರ್ಡಿನಲ್ಲಿ ಹೊಡೆಯುತ್ತಾರೆ. ಸೈಬರ್ ಪರದೆಯಲ್ಲಿ ಕಾಣುವುದು ಬರೀ ಚುಕ್ಕಿಗಳು. ಸೈಬರ್ ಕೀಬೋರ್ಡನ್ನಾಗಲಿ ಕ್ಲಿಪ್‌ಬೋರ್ಡನ್ನಾಗಲಿ ಆ ಪಾಸ್‌ವರ್ಡ್ ಮುಟ್ಟುವುದೇ ಇಲ್ಲ. ಇದಕ್ಕಿಂತ ಗಟ್ಟಿಯಾದ ಉಪಾಯ ನನಗೆ ಹೊಳೆದಿಲ್ಲ. ಪರದೆಯ ಮೇಲಿನ ಕೀಬೋರ್ಡಿನಲ್ಲಿ ಮೌಸ್‌ನಿಂದ ಒತ್ತಿದರೆ ಸುರಕ್ಷಿತ ಎಂದು ಹಿಂದೆ ಎಲ್ಲರೂ ಹೇಳುತ್ತಿದ್ದರು. ಪರದೆಯನ್ನೇ ಚಿತ್ರ ತೆಗೆಯುವ ಕಳ್ಳ ತಂತ್ರಾಂಶದ ಮುಂದೆ ಅದು ನಿಲ್ಲುವುದಿಲ್ಲ.

## ಗೆಳೆಯನ ಅಂಗಡಿಯಲ್ಲಿ

ಮುಂದಿನ ಸಲ ರಾಯರು ಸೈಬರ್‌ಗೆ ಹೋಗಲಿಲ್ಲ. ಅದೇ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಬಾಲ್ಯದ ಗೆಳೆಯರ ಕಂಪ್ಯೂಟರ್‌ನಲ್ಲಿ ಕೂತರು. ಗೆಳೆಯ ನಂಬಿಕಸ್ಥ, ಇನ್ನೇನು ಭಯ ಎಂದರು. ಕೂರುವ ಮೊದಲು ಆ ಯಂತ್ರ ಹೇಗಿದೆ ಎಂದು ಫೋನಿನಲ್ಲಿ ಕೇಳಿಕೊಂಡೆ. ಅಣ್ಣ, ತಮ್ಮ, ಕೆಲಸದ ಹುಡುಗ ಎಲ್ಲರೂ ಒಂದೇ ಖಾತೆಯಲ್ಲಿ ಕೂರುತ್ತಾರೆ. ಬಿಲ್ಲಿಂಗ್ ತಂತ್ರಾಂಶ ಕ್ರ್ಯಾಕ್ ಮಾಡಿದ್ದು. ಅದನ್ನು ಹಾಕುವಾಗ ಆ್ಯಂಟಿವೈರಸ್ ಅಡ್ಡ ಬಂತು ಎಂದು ಆಫ್ ಮಾಡಿದವರು ಮತ್ತೆ ಆನ್ ಮಾಡಿಲ್ಲ. ಆ ಸೈಬರ್‌ಗಿಂತ ಇದೇ ಜಾಸ್ತಿ ಅಪಾಯದ ಯಂತ್ರ ಎಂದೆ. ಗೆಳೆಯ ಒಳ್ಳೆಯವನಾದರೆ ಅವನ ಕಂಪ್ಯೂಟರ್ ಒಳ್ಳೆಯದಾಗಬೇಕೆಂದಿಲ್ಲ.

ಆದರೂ ಅವತ್ತು ಕೆಲಸ ಅಲ್ಲೇ ಆಯಿತು, ಮೇಲೆ ಹೇಳಿದ ಏರ್ಪಾಡಿನಲ್ಲೇ. ಗೆಳೆಯರ ಯಂತ್ರದಲ್ಲಿ ಎನಿಡೆಸ್ಕ್ ಇರಲಿಲ್ಲ. ಇನ್‌ಸ್ಟಾಲ್ ಮಾಡದೆ, ಅಧಿಕೃತ ತಾಣದಿಂದ ಇಳಿಸಿದ ಫೈಲನ್ನು ಹಾಗೇ ಓಡಿಸಿದರು. ಮುಗಿದ ಮೇಲೆ ಆ ಫೈಲನ್ನೂ, ಈ ಫೋಲ್ಡರ್ ಅನ್ನೂ ಅಳಿಸಿದರು:

```
%AppData%\AnyDesk
```

ಇತ್ತೀಚಿನ ಸಂಪರ್ಕಗಳ ಪಟ್ಟಿ, ಆ ಚಿಕ್ಕ ಚಿತ್ರ ಇರುವುದು ಇದರಲ್ಲೇ. ಆ ಕಂಪ್ಯೂಟರ್‌ನವರೇ ಎನಿಡೆಸ್ಕ್ ಬಳಸುತ್ತಿದ್ದರೆ ಇಡೀ ಫೋಲ್ಡರ್ ಅಳಿಸಬೇಡಿ, ಅವರ ಸೆಟ್ಟಿಂಗ್ ಕೂಡ ಹೋಗುತ್ತದೆ. ಪಟ್ಟಿಯಿಂದ ನಿಮ್ಮ ಚಿತ್ರವನ್ನಷ್ಟೇ ತೆಗೆಯಿರಿ. ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಬಳಸುವವರಿಗೂ ಇಂಥದ್ದೇ ತೊಂದರೆ ಇದೆ. ಅದು ವೇಗಕ್ಕಾಗಿ ಮನೆಯ ಪರದೆಯ ತುಣುಕುಗಳನ್ನು ಎದುರಿನ ಯಂತ್ರದಲ್ಲಿ ಉಳಿಸಿಕೊಳ್ಳುತ್ತದೆ. ಗೊತ್ತಿರುವವರು ಅವನ್ನು ಮತ್ತೆ ಜೋಡಿಸಿ ಓದಬಲ್ಲರು. ಹಂಚಿಕೊಂಡ ಯಂತ್ರದಲ್ಲಿ ಅದನ್ನು ಹೀಗೆ ಓಡಿಸಿದರೆ ಪಾಸ್‌ವರ್ಡೂ ತುಣುಕುಗಳೂ ಉಳಿಯುವುದಿಲ್ಲ:

```
mstsc /public
```

ಇಷ್ಟೆಲ್ಲ ಮಾಡಿದ ಮೇಲೂ ಒಂದನ್ನು ತಡೆಯಲು ಆಗುವುದಿಲ್ಲ. ಎದುರಿನ ಪರದೆಯಲ್ಲಿ ಏನು ಮೂಡುತ್ತದೋ ಅದನ್ನು ಆ ಯಂತ್ರ ನೋಡಬಲ್ಲದು. ನಡುವಿನ ದಾರಿಯಲ್ಲಿ ಎಷ್ಟೇ ಗೂಢಲಿಪಿ ಇದ್ದರೂ ಕೊನೆಗೆ ಪರದೆಯಲ್ಲಿ ಬಿಡಿಸಿಟ್ಟೇ ತೋರಿಸಬೇಕಲ್ಲ. ಅಂಗಡಿಯವರ ವಹಿವಾಟು, ಪ್ಯಾನ್ ನಂಬರು ಎಲ್ಲ ಕಾಣುತ್ತದೆ. ಹಾಗಾಗಿ ಹೊರಗಿನಿಂದ ಯಾವ ಕೆಲಸ ಮಾಡಬಹುದು ಎಂದು ರಾಯರು ತಾವೇ ಗೆರೆ ಎಳೆದುಕೊಂಡಿದ್ದಾರೆ. 3ಬಿ ಹಾಕುವುದು ಸರಿ. ಬ್ಯಾಂಕ್ ಖಾತೆ ತೆರೆಯುವುದಿಲ್ಲ. ಡಾಂಗಲ್ ಬೇಕಾದ ಯಾವ ಸಹಿಯನ್ನೂ ಹೊರಗಿನಿಂದ ಹಾಕುವುದಿಲ್ಲ, ಅಂಥ ಕೆಲಸವನ್ನು ಊರಿಗೆ ಹೊರಡುವ ಮೊದಲೇ ಮುಗಿಸುತ್ತಾರೆ.

ಈ ಏರ್ಪಾಡು ಒಮ್ಮೆ ಕೈಕೊಟ್ಟಿತು ಕೂಡ. 20ನೇ ತಾರೀಖು ಅವರ ಮನೆಯವರು ಮದುವೆಗೆ ಹೋಗಿದ್ದರು, ಮಳೆಗೆ ಬಸ್ ಸಿಕ್ಕಿಹಾಕಿಕೊಂಡು ರಾತ್ರಿ ಮನೆ ತಲುಪಲಿಲ್ಲ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಕಂಪ್ಯೂಟರ್ ಆನ್ ಮಾಡಿಸಲೇ ಎಂದು ರಾಯರು ನನ್ನನ್ನು ಕೇಳಿದರು. ಪಿನ್ ಹೇಳಬೇಕಾಗುತ್ತದೆ, ನೋಟ್‌ಬುಕ್ ತೋರಿಸಬೇಕಾಗುತ್ತದೆ ಎಂದೆ. ಅವರು ಬಿಟ್ಟುಬಿಟ್ಟರು. ಒಬ್ಬ ಕಕ್ಷಿದಾರರ ರಿಟರ್ನ್ ಒಂದು ದಿನ ತಡವಾಯಿತು. 50 ರೂಪಾಯಿ ಶುಲ್ಕ ಮತ್ತು ಒಂದು ದಿನದ ಬಡ್ಡಿಯನ್ನು ರಾಯರು ತಮ್ಮ ಕೈಯಿಂದಲೇ ಕಟ್ಟಿದರು.